6.32 ಅಲ್ಲ, 7.90: ಸರಾಸರಿಯ ಲೆಕ್ಕಕ್ಕೆ ಸೇರದ ಕೋರ್ಸ್‌ಗಳ ಲೆಕ್ಕ

ಸುರಪುರ ತಾಲ್ಲೂಕಿನ ಹಳ್ಳಿಯಿಂದ ಬಂದು ಕಲಬುರಗಿಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನಗಳ ಹಿಂದೆ ಎರಡು ಕಾಗದ ಹಿಡಿದುಕೊಂಡು ನನ್ನ ಬಳಿಗೆ ಬಂದಳು. ಒಂದು ಅವಳ ಮೊದಲ ಸೆಮಿಸ್ಟರಿನ ಅಂಕಪಟ್ಟಿ. ಅದರಲ್ಲಿ ಎಸ್‌ಜಿಪಿಎ , ಅಂದರೆ ಆ ಸೆಮಿಸ್ಟರಿನ ಸರಾಸರಿ, 7.90 ಎಂದು ಅಚ್ಚಾಗಿತ್ತು. ಇನ್ನೊಂದು, ಬೇಸಿಗೆಯ ತರಬೇತಿಗೆಂದು ಅವಳು ಕಂಪ್ಯೂಟರ್ ಅಂಗಡಿಯಲ್ಲಿ ತುಂಬಿಸಿದ ಅರ್ಜಿಯ ಪ್ರತಿ. ಅದರಲ್ಲಿ ಅದೇ ಸೆಮಿಸ್ಟರಿನ ಸರಾಸರಿ 6.32 ಆಗಿತ್ತು. ಅರ್ಜಿ ಹಾಕಲು ಬೇಕಾದ ಕನಿಷ್ಠ ಸರಾಸರಿ 6.5.

“ಮೇಡಂ, ಎರಡರಲ್ಲಿ ಯಾವುದು ತಪ್ಪು?” ಎಂದು ಕೇಳಿದಳು. ಅಂಕಪಟ್ಟಿಯೇ ತಪ್ಪಿರಬೇಕು, ತನಗೆ ಹೆಚ್ಚು ಅಂಕ ಬಂದುಬಿಟ್ಟಿದೆ, ನಾಳೆ ಯಾರಾದರೂ ಕಿತ್ತುಕೊಳ್ಳುತ್ತಾರೆ ಎಂಬ ಭಯ ಅವಳಿಗೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಕೂಡಿಸಿ ಭಾಗಿಸಿ ತೋರಿಸಿದ್ದರಿಂದ ಆ 6.32 ಅವಳಿಗೆ ನಿಜವೆನಿಸಿತ್ತು. ಕೂಡಿಸುವುದರಲ್ಲಿ ಭಾಗಿಸುವುದರಲ್ಲಿ ಅವನು ಎಡವಿರಲಿಲ್ಲ. ಯಾವುದರಿಂದ ಭಾಗಿಸಬೇಕು ಎಂಬುದರಲ್ಲಿ ಎಡವಿದ್ದ.

ಅವಳ ಅಂಕಪಟ್ಟಿಯನ್ನೇ ಮುಂದಿಟ್ಟುಕೊಂಡು ನೋಡೋಣ. ಅದರಲ್ಲಿ ಎಂಟು ಸಾಲುಗಳಿದ್ದವು. ಮೊದಲ ಆರು ಸಾಲು ಮಾಮೂಲಿ ಪತ್ರಿಕೆಗಳು. ನಾಲ್ಕು ಕ್ರೆಡಿಟ್‌ನ ಮೂರು ಪತ್ರಿಕೆಗಳಲ್ಲಿ ಅವಳಿಗೆ ಎ, ಬಿ ಪ್ಲಸ್ ಮತ್ತು ಎ ಪ್ಲಸ್ ಶ್ರೇಣಿ ಬಂದಿದ್ದವು. ಮೂರು ಕ್ರೆಡಿಟ್‌ನ ಎರಡು ಪತ್ರಿಕೆಗಳಲ್ಲಿ ಬಿ ಮತ್ತು ಎ. ಎರಡು ಕ್ರೆಡಿಟ್‌ನ ಪ್ರಯೋಗಾಲಯದಲ್ಲಿ ಒ. ಏಳನೆಯ ಸಾಲಿನಲ್ಲಿ ಎರಡು ಕ್ರೆಡಿಟ್‌ನ ಕ್ಷೇತ್ರಕಾರ್ಯ. ಅದರ ಎದುರು ಶ್ರೇಣಿಯಿಲ್ಲ, ತೃಪ್ತಿಕರ ಎಂದು ಸೂಚಿಸುವ ‘ಎಸ್’ ಅಕ್ಷರ ಮಾತ್ರ. ಎಂಟನೆಯ ಸಾಲಿನಲ್ಲಿ ಬೇರೆ ವಿಭಾಗದಲ್ಲಿ ಅವಳು ಆಸಕ್ತಿಯಿಂದ ಕೇಳಿದ ಸಂಖ್ಯಾಶಾಸ್ತ್ರದ ಮೂರು ಕ್ರೆಡಿಟ್‌ನ ಕೋರ್ಸ್. ಅದರ ಎದುರು ‘ಎಯು’, ಅಂದರೆ ಆಡಿಟ್, ಅಂಕ ಕ್ರೆಡಿಟ್ ಬಯಸದೆ ಕೂತು ಕೇಳುವ ಕೋರ್ಸ್.

ವಿಶ್ವವಿದ್ಯಾಲಯ ಅನುದಾನ ಆಯೋಗದ ಹತ್ತು ಅಂಕಗಳ ಮಾಪನದಲ್ಲಿ ಒ ಎಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಎಂದರೆ ಸೊನ್ನೆ. ಪ್ರತಿ ಪತ್ರಿಕೆಯ ಕ್ರೆಡಿಟನ್ನು ಅದರ ಶ್ರೇಣಿ ಅಂಕದಿಂದ ಗುಣಿಸಿ ಎಲ್ಲವನ್ನೂ ಕೂಡಿಸಬೇಕು. ಅವಳ ಆರು ಪತ್ರಿಕೆಗಳಿಗೆ 32, 28, 36, 18, 24, 20, ಒಟ್ಟು 158 ಬರುತ್ತದೆ. ಆ ಆರು ಪತ್ರಿಕೆಗಳ ಕ್ರೆಡಿಟ್ ಒಟ್ಟು 20. ಭಾಗಿಸಿದರೆ 7.90. ಅಂಕಪಟ್ಟಿಯಲ್ಲಿದ್ದದ್ದು ಇದೇ.

ಅಂಗಡಿಯವನು ಅದೇ 158 ಅನ್ನು 25ರಿಂದ ಭಾಗಿಸಿದ್ದ. ಕ್ಷೇತ್ರಕಾರ್ಯದ ಎರಡು, ಆಡಿಟ್‌ನ ಮೂರು ಕ್ರೆಡಿಟ್‌ಗಳು ಅವನ ಭಾಜಕದಲ್ಲಿ ಸೇರಿಕೊಂಡಿದ್ದವು. ಶಾಲೆಯಲ್ಲಿ ಕಲಿತ ಮಾತಿನಲ್ಲಿ ಹೇಳುವುದಾದರೆ, ಅಂಶಕ್ಕೆ ಏನನ್ನೂ ಕೊಡದ ಎರಡು ಸಾಲುಗಳು ಛೇದವನ್ನು ಮಾತ್ರ ಹಿಗ್ಗಿಸಿದವು. ಹಾಗೆ ಮಾಡುವುದೆಂದರೆ ಆ ಎರಡು ಕೋರ್ಸ್‌ಗಳಲ್ಲಿ ಅವಳಿಗೆ ಸೊನ್ನೆ ಬಂದಿದೆ, ಅಂದರೆ ಅನುತ್ತೀರ್ಣಳಾಗಿದ್ದಾಳೆ ಎಂದು ಬರೆದುಕೊಟ್ಟಂತೆ. ಹಗಲೆಲ್ಲ ಬಿಸಿಲಲ್ಲಿ ಮನೆ ಮನೆ ಸುತ್ತಿ ಮಾಡಿದ ಕ್ಷೇತ್ರಕಾರ್ಯವೂ, ಕಡ್ಡಾಯವಿಲ್ಲದಿದ್ದರೂ ಕೂತು ಕೇಳಿದ ಪಾಠವೂ ಅವಳನ್ನು ಕೆಳಕ್ಕೆ ಎಳೆಯುವ ಭಾರವಾಗಿಬಿಟ್ಟವು. ನನಗೆ ಸಿಟ್ಟು ಬಂದದ್ದು ಅಲ್ಲಿ.

ಇದನ್ನು ಅವಳಿಗೆ ವಿವರಿಸಲು ನಾನು ಬಳಸಿದ್ದು ನಮ್ಮ ಕಡೆಯವರೆಲ್ಲ ಬಲ್ಲ ತೊಗರಿಯ ಲೆಕ್ಕ. ನಿಮ್ಮ ತಂದೆ ಅಡತಿ ಅಂಗಡಿಗೆ 20 ಕ್ವಿಂಟಲ್ ತೊಗರಿ ಹಾಕಿದ್ದಾರೆ ಎಂದುಕೋ. ಬೇರೆ ಬೇರೆ ದಿನ ಬೇರೆ ಬೇರೆ ದರ ಸಿಕ್ಕಿದೆ. ಇನ್ನೆರಡು ಕ್ವಿಂಟಲ್ಲನ್ನು ಮನೆಯ ಬೇಳೆಗೆಂದು ಉಳಿಸಿಕೊಂಡಿದ್ದಾರೆ. ಪಕ್ಕದ ಹೊಲದವರ ಮೂರು ಕ್ವಿಂಟಲ್ ಕೂಡ ನಿಮ್ಮ ಅಂಗಳದಲ್ಲೇ ಇದೆ. ಈ ವರ್ಷ ಕ್ವಿಂಟಲ್ಲಿಗೆ ಸರಾಸರಿ ಎಷ್ಟು ದರ ಸಿಕ್ಕಿತು ಎಂದು ಯಾರಾದರೂ ಕೇಳಿದರೆ, ಬಂದ ಹಣವನ್ನು ಮಾರಿದ 20 ಕ್ವಿಂಟಲ್ಲಿನಿಂದ ತಾನೆ ಭಾಗಿಸುತ್ತಾರೆ? ಮನೆಗೆ ಉಳಿಸಿದ್ದು ನಿಮ್ಮದೇ ಬೆಳೆ, ಆದರೆ ಅದಕ್ಕೆ ದರ ಕಟ್ಟಿಲ್ಲ. ಪಕ್ಕದವರದ್ದು ನಿಮ್ಮ ಅಂಗಳದಲ್ಲಿದೆ, ಆದರೆ ಬೆಳೆಯೇ ನಿಮ್ಮದಲ್ಲ. ದರ ಕಟ್ಟದ ತೊಗರಿಯನ್ನು ಸೊನ್ನೆ ರೂಪಾಯಿಗೆ ಮಾರಿದೆವೆಂದು ಬರೆದುಕೊಳ್ಳುವ ರೈತ ಯಾದಗಿರಿಯಲ್ಲೂ ಇಲ್ಲ, ಬೀದರಿನಲ್ಲೂ ಇಲ್ಲ.

ಈ ಹೋಲಿಕೆಯಲ್ಲಿ ಎರಡು ಬಗೆಯ ತೊಗರಿಯನ್ನು ಬೇರೆಬೇರೆಯಾಗಿ ಹೇಳಿದ್ದಕ್ಕೆ ಕಾರಣವಿದೆ. ಕ್ಷೇತ್ರಕಾರ್ಯದಂಥ ಪಾಸ್–ಫೇಲ್ ಕೋರ್ಸ್ ಮತ್ತು ಆಡಿಟ್ ಕೋರ್ಸ್ ಎರಡೂ ಸರಾಸರಿಯಿಂದ ಹೊರಗೆ ಉಳಿಯುತ್ತವೆ, ಆದರೆ ಉಳಿಯುವ ಕಾರಣ ಒಂದೇ ಅಲ್ಲ. ಪಾಸ್–ಫೇಲ್ ಕೋರ್ಸ್‌ನಲ್ಲಿ ವಿದ್ಯಾರ್ಥಿ ಕ್ರೆಡಿಟ್ ಗಳಿಸುತ್ತಾನೆ. ಪದವಿಗೆ ಬೇಕಾದ ಒಟ್ಟು ಕ್ರೆಡಿಟ್‌ಗಳಲ್ಲಿ ಅದು ಸೇರುತ್ತದೆ. ಇಲ್ಲದಿರುವುದು ಶ್ರೇಣಿ ಅಂಕ ಮಾತ್ರ. ಆಡಿಟ್ ಕೋರ್ಸ್‌ನಲ್ಲಿ ಅಂಕವೂ ಇಲ್ಲ, ಗಳಿಸಿದ ಕ್ರೆಡಿಟ್ಟೂ ಇಲ್ಲ. ತರಗತಿಗೆ ಹಾಜರಾದನೆಂಬ ದಾಖಲೆಯಷ್ಟೇ ಉಳಿಯುತ್ತದೆ. ಹೀಗಾಗಿ ನಮ್ಮ ವಿದ್ಯಾರ್ಥಿನಿಯ ಒಂದೇ ಸೆಮಿಸ್ಟರಿಗೆ ಮೂರು ಬೇರೆ ಬೇರೆ ಮೊತ್ತಗಳಿವೆ. ಹೆಸರು ನೋಂದಾಯಿಸಿದ್ದು 25 ಕ್ರೆಡಿಟ್‌ಗೆ, ಗಳಿಸಿದ್ದು 22, ಸರಾಸರಿಗೆ ಸೇರುವುದು 20. ಅರ್ಜಿಯಲ್ಲಿ ‘ಒಟ್ಟು ಕ್ರೆಡಿಟ್’ ಎಂದು ಒಂದೇ ಒಂದು ಖಾನೆ ಕೊಟ್ಟರೆ ಈ ಮೂರರಲ್ಲಿ ಯಾವುದನ್ನು ಬರೆಯಬೇಕು? ಗೊಂದಲವೆಲ್ಲ ಹುಟ್ಟುವುದು ಆ ಖಾನೆಯಲ್ಲೇ.

ಪಾಸ್ ಆದವರಿಗೆ ಏನಾದರೊಂದು ಅಂಕ ಕೊಟ್ಟು ಸರಾಸರಿಗೆ ಸೇರಿಸಬಾರದೇ ಎಂದು ಪೋಷಕರು ಕೇಳುವುದುಂಟು. ಕೊಡಬಹುದು, ಆದರೆ ಎಷ್ಟನ್ನು? ಹತ್ತು ಕೊಟ್ಟರೆ ಕ್ಷೇತ್ರಕಾರ್ಯಕ್ಕೆ ಹೋಗಿಬಂದ ಎಲ್ಲರ ಸರಾಸರಿಯೂ ಪುಕ್ಕಟೆಯಾಗಿ ಏರುತ್ತದೆ. ನಾಲ್ಕು ಕೊಟ್ಟರೆ ಚೆನ್ನಾಗಿ ಓದುವವರಿಗೆ ದಂಡ ಹಾಕಿದಂತೆ. ಅವರವರ ಈಗಿನ ಸರಾಸರಿಯನ್ನೇ ಕೊಟ್ಟರೆ ಸರಾಸರಿ ಅಲುಗಾಡುವುದೇ ಇಲ್ಲ, ಅಂದರೆ ಹೊರಗಿಟ್ಟದ್ದಕ್ಕೂ ಸೇರಿಸಿದ್ದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೌಲ್ಯಮಾಪಕರು ‘ಆಯಿತು’ ಅಥವಾ ‘ಆಗಲಿಲ್ಲ’ ಎಂದಷ್ಟೇ ಹೇಳಿರುವಾಗ ಅದರ ಮೇಲೆ ಯಾವ ಸಂಖ್ಯೆ ಹೇರಿದರೂ ಅದು ಕಟ್ಟುಕಥೆ. ಅಂಶದಿಂದಲೂ ಛೇದದಿಂದಲೂ ಒಟ್ಟಿಗೆ ತೆಗೆಯುವುದೊಂದೇ ಯಾರಿಗೂ ಲಾಭ ನಷ್ಟ ಮಾಡದ ದಾರಿ. ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಗೆ ಆಯೋಗ ರೂಪಿಸಿದ ಮಾರ್ಗಸೂಚಿಯೂ ಕ್ರೆಡಿಟ್ ಇಲ್ಲದ ಕೋರ್ಸ್‌ಗಳಿಗೆ ಶ್ರೇಣಿಯ ಬದಲು ತೃಪ್ತಿಕರ ಅಥವಾ ಅತೃಪ್ತಿಕರ ಎಂದು ಬರೆಯಬೇಕು, ಅವನ್ನು ಎಸ್‌ಜಿಪಿಎ, ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿಯಾದ ಸಿಜಿಪಿಎ ಲೆಕ್ಕಕ್ಕೆ ಹಿಡಿಯಬಾರದು ಎಂದೇ ಹೇಳುತ್ತದೆ. ಕ್ರೆಡಿಟ್ ಇದ್ದೂ ಶ್ರೇಣಿ ಇಲ್ಲದ ಕೋರ್ಸ್‌ಗಳ ವಿಚಾರವನ್ನು ಆಯಾ ಸಂಸ್ಥೆಯ ನಿಯಮಾವಳಿ ನಿರ್ಧರಿಸುತ್ತದೆ. ಅಲ್ಲಿಯೂ ಮೇಲಿನ ತರ್ಕವೇ ನಡೆಯುತ್ತದೆ.

ಇಲ್ಲಿ ಒಂದು ಹೊಂಡವಿದೆ, ಬುದ್ಧಿವಂತರೂ ಅದರಲ್ಲಿ ಬೀಳುತ್ತಾರೆ. ಆಯೋಗದ ಮಾಪನದಲ್ಲಿ ‘ಪಿ’ ಎಂಬುದು ಒಂದು ಶ್ರೇಣಿ, ಅದರ ಬೆಲೆ 4. ಪಾಸ್–ಫೇಲ್ ಕೋರ್ಸ್‌ಗೆ ಕೆಲವು ಸಂಸ್ಥೆಗಳು, ಅದರಲ್ಲೂ ಹೊರದೇಶದವು, ಅದೇ ‘ಪಿ’ ಅಕ್ಷರವನ್ನು ಬಳಸುತ್ತವೆ. ಅಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಒಂದು ‘ಪಿ’ ಕಷ್ಟಪಟ್ಟು ದಡ ಸೇರಿದ ವಿದ್ಯಾರ್ಥಿಯದು, ಇನ್ನೊಂದು ‘ಪಿ’ ತರಗತಿಗೇ ಮೊದಲಿಗನಾಗಿದ್ದವನದೂ ಆಗಿರಬಹುದು. ನಮ್ಮ ವಿದ್ಯಾರ್ಥಿನಿಯ ಕ್ಷೇತ್ರಕಾರ್ಯದ ಎದುರು ‘ಎಸ್’ ಬದಲು ‘ಪಿ’ ಇದ್ದು, ಯಾರಾದರೂ ಅದಕ್ಕೆ ನಾಲ್ಕು ಅಂಕ ಹಾಕಿದ್ದರೆ ಅಂಶ 166, ಛೇದ 22 ಆಗಿ ಸರಾಸರಿ 7.55ಕ್ಕೆ ಇಳಿಯುತ್ತಿತ್ತು. ಈ ತಪ್ಪು 6.32ರಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಹಾಗಾಗಿಯೇ ಹೆಚ್ಚು ಅಪಾಯ.

ಅಕ್ಷರಗಳನ್ನು ಊಹೆಯಿಂದ ಓದಬಾರದು ಎಂಬುದಕ್ಕೆ ನಮ್ಮ ದೇಶದ ದೊಡ್ಡ ಸಂಸ್ಥೆಗಳೇ ಸಾಕ್ಷಿ. ದೆಹಲಿಯ ಐಐಟಿಯಲ್ಲಿ ‘ಎನ್‌ಪಿ’ ಎಂದರೆ ಆಡಿಟ್ ಕೋರ್ಸನ್ನು ಯಶಸ್ವಿಯಾಗಿ ಮುಗಿಸಿದ್ದಾನೆ ಎಂದು. ಮುಂಬೈಯ ಐಐಟಿಯಲ್ಲಿ ಅದೇ ‘ಎನ್‌ಪಿ’ ಎಂದರೆ ಪಾಸಾಗಿಲ್ಲ ಎಂದು. ಅಕ್ಷರ ಒಂದೇ, ಅರ್ಥ ತದ್ವಿರುದ್ಧ. ಅಂಕಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ವಿವರಣೆಯನ್ನು ಓದದೆ, ಅಣ್ಣನ ಅಥವಾ ಗೆಳೆಯನ ಅಂಕಪಟ್ಟಿಯ ಮೇಲಿಂದ ಅರ್ಥ ಹಚ್ಚಿಕೊಂಡವರು ಮೋಸ ಹೋಗುತ್ತಾರೆ. ರಾಜ್ಯದಲ್ಲಿ 2021–22ರಲ್ಲಿ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ 2024–25ರಿಂದ ಬದಲಾಗಿದೆ. ಒಂದೇ ಮನೆಯ ಅಣ್ಣ ತಂಗಿಯರ ಅಂಕಪಟ್ಟಿಗಳೇ ಬೇರೆ ಬೇರೆ ನಿಯಮಕ್ಕೆ ಸೇರಿರಬಹುದು.

ಅಂಗಡಿಯವನ ತಪ್ಪು ಅವನೊಬ್ಬನದಲ್ಲ ಎಂದು ನನಗೆ ಗೊತ್ತಾದದ್ದು ಅವನು ಬಳಸಿದ ಸೂತ್ರವನ್ನು ನೋಡಿದಾಗ. ಅವನು ಎಕ್ಸೆಲ್ ಹಾಳೆಯ ಬಿ ಕಾಲಮ್ಮಿನಲ್ಲಿ ಕ್ರೆಡಿಟ್‌ಗಳನ್ನು, ಸಿ ಕಾಲಮ್ಮಿನಲ್ಲಿ ಶ್ರೇಣಿ ಅಂಕಗಳನ್ನು ತುಂಬಿಸಿ, ಸಂಖ್ಯೆ ಇಲ್ಲದ ಎರಡು ಕಡೆ ಅಕ್ಷರಗಳನ್ನೇ ಬರೆದಿದ್ದ. ಆಮೇಲೆ ಎಲ್ಲರೂ ಬಳಸುವ ಸೂತ್ರ ಹಾಕಿದ್ದ:

```
=SUMPRODUCT(B2:B9,C2:C9)/SUM(B2:B9)
```

ಈ ಸೂತ್ರದ ಮೊದಲ ಭಾಗ ಅಕ್ಷರವಿರುವ ಖಾನೆಯನ್ನು ಸದ್ದಿಲ್ಲದೆ ಸೊನ್ನೆಯೆಂದು ಎಣಿಸುತ್ತದೆ, ದೋಷವಿದೆಯೆಂದು ಹೇಳುವುದಿಲ್ಲ. ಎರಡನೆಯ ಭಾಗ ಎಲ್ಲ ಕ್ರೆಡಿಟ್‌ಗಳನ್ನೂ ಕೂಡಿಸುತ್ತದೆ. ಹೀಗೆ 158 ಭಾಗ 25. ಭಾಜಕದಲ್ಲಿ ಸಂಖ್ಯೆಯಿರುವ ಸಾಲುಗಳ ಕ್ರೆಡಿಟ್ ಮಾತ್ರ ಸೇರುವಂತೆ ಮಾಡಿದರೆ ಸರಿಹೋಗುತ್ತದೆ:

```
=SUMPRODUCT(B2:B9,C2:C9)/SUMIF(C2:C9,">=0",B2:B9)
```

ಇದರಲ್ಲಿ ‘ಸೊನ್ನೆ ಅಥವಾ ಹೆಚ್ಚು’ ಎಂದು ಬರೆದದ್ದನ್ನು ಗಮನಿಸಿ. ‘ಸೊನ್ನೆಗಿಂತ ಹೆಚ್ಚು’ ಎಂದು ಬರೆದರೆ ನಿಜವಾಗಿ ಎಫ್ ಬಂದ ಪತ್ರಿಕೆಯೂ ಭಾಜಕದಿಂದ ಜಾರಿಹೋಗುತ್ತದೆ. ಎಫ್‌ನ ಸೊನ್ನೆ ಲೆಕ್ಕಕ್ಕೆ ಸೇರಲೇಬೇಕಾದ ಸೊನ್ನೆ. ಅವಳಿಗೆ ಪ್ರಯೋಗಾಲಯದಲ್ಲಿ ಒ ಬದಲು ಎಫ್ ಬಂದಿದ್ದರೆ ಅಂಶ 138ಕ್ಕೆ ಇಳಿಯುತ್ತಿತ್ತು, ಛೇದ 20 ಆಗಿಯೇ ಉಳಿಯುತ್ತಿತ್ತು, ಸರಾಸರಿ 6.90 ಆಗುತ್ತಿತ್ತು. ಅಂಕ ಸೊನ್ನೆಯಾಗಿರುವುದು ಒಂದು, ಅಂಕವೇ ಇಲ್ಲದಿರುವುದು ಇನ್ನೊಂದು. ಕಂಪ್ಯೂಟರಿಗೆ ಈ ಭೇದವನ್ನು ನಾವೇ ಹೇಳಿಕೊಡಬೇಕು.

ಬೇರೆಯವರು ಮಾಡಿಕೊಟ್ಟ ಸರಾಸರಿ ಕೈಯಲ್ಲಿದ್ದರೆ ತಪ್ಪು ಎಲ್ಲಾಗಿದೆ ಎಂದು ಹಿಂದಿನಿಂದಲೂ ಪತ್ತೆ ಮಾಡಬಹುದು. ಶ್ರೇಣಿಯಿರುವ ಪತ್ರಿಕೆಗಳ ಅಂಶವನ್ನು ನೀವೇ ಕೂಡಿಸಿ, ಕೊಟ್ಟಿರುವ ಸರಾಸರಿಯಿಂದ ಭಾಗಿಸಿ. ಅವರು ಬಳಸಿದ ಛೇದ ತಾನಾಗಿಯೇ ಹೊರಬೀಳುತ್ತದೆ. 158 ಅನ್ನು 6.32ರಿಂದ ಭಾಗಿಸಿದರೆ 25. ಆಡಿಟ್ ಕೂಡ ಸೇರಿಕೊಂಡಿದೆ ಎಂದಾಯಿತು. ಸರಾಸರಿ 7.18 ಎಂದಿದ್ದರೆ 22 ಬರುತ್ತದೆ. ಕ್ಷೇತ್ರಕಾರ್ಯದ ಕ್ರೆಡಿಟ್ ಮಾತ್ರ ಸೇರಿದೆ. 7.55 ಎಂದಿದ್ದರೆ 20.93 ಬರುತ್ತದೆ. ಅವಳ ಯಾವ ಮೊತ್ತಕ್ಕೂ ಅದು ಹೊಂದುವುದಿಲ್ಲ. ಹಾಗಾದರೆ ಕೈಯಾಡಿರುವುದು ಅಂಶದಲ್ಲೂ ಹೌದು, ಅಂಕವಿಲ್ಲದ ಅಕ್ಷರಕ್ಕೆ ಯಾರೋ ಅಂಕ ಹಾಕಿದ್ದಾರೆ.

ಇದುವರೆಗಿನ ತಪ್ಪುಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಯನ್ನು ಕೆಳಕ್ಕೆ ತಳ್ಳುವಂಥವು. ಸಿಜಿಪಿಎ ವಿಷಯಕ್ಕೆ ಬಂದಾಗ ಅದೇ ಅಜಾಗರೂಕತೆ ಮೇಲಕ್ಕೂ ಎತ್ತಿಬಿಡುತ್ತದೆ, ಅದರ ಪರಿಣಾಮ ಇನ್ನೂ ಕೆಟ್ಟದ್ದು. ನಮ್ಮ ವಿದ್ಯಾರ್ಥಿನಿಗೆ ಮುಂದಿನ ಸೆಮಿಸ್ಟರಿನಲ್ಲಿ ಶ್ರೇಣಿಯಿರುವ ಪತ್ರಿಕೆಗಳು 10 ಕ್ರೆಡಿಟ್‌ನಷ್ಟೇ ಇದ್ದು, 12 ಕ್ರೆಡಿಟ್‌ನ ಯೋಜನಾಕಾರ್ಯ ತೃಪ್ತಿಕರ–ಅತೃಪ್ತಿಕರ ಎಂಬ ರೀತಿಯದಾಗಿದೆ ಎಂದಿಟ್ಟುಕೊಳ್ಳೋಣ. ಆ 10 ಕ್ರೆಡಿಟ್‌ಗಳಲ್ಲಿ ಅವಳು 8.60 ಗಳಿಸುತ್ತಾಳೆ, ಅಂದರೆ ಅಂಶ 86. ಎರಡೂ ಸೆಮಿಸ್ಟರಿನಲ್ಲಿ ಗಳಿಸಿದ ಕ್ರೆಡಿಟ್ 22ರಂತೆ ಸಮವಾಗಿವೆ. ಹಾಗಾಗಿ 7.90 ಮತ್ತು 8.60ರ ನಡುವಣ ಸಂಖ್ಯೆ, 8.25, ತನ್ನ ಸಿಜಿಪಿಎ ಎಂದು ಅವಳು ಬರೆದುಕೊಳ್ಳುವುದು ಸಹಜ. ಸರಿಯಾದ ಲೆಕ್ಕ ಬೇರೆಯೇ. 158 ಮತ್ತು 86 ಸೇರಿ 244, ಶ್ರೇಣಿಯಿರುವ ಕ್ರೆಡಿಟ್ 20 ಮತ್ತು 10 ಸೇರಿ 30, ಸಿಜಿಪಿಎ 8.13. ಎರಡನೆಯ ಸೆಮಿಸ್ಟರಿನ ತೂಕ ಮೊದಲನೆಯದರ ಅರ್ಧ ಮಾತ್ರ, ಏಕೆಂದರೆ ಅಲ್ಲಿ ಅಳೆದು ತೂಗಿದ್ದು ಅಷ್ಟನ್ನೇ. ಅರ್ಜಿಯಲ್ಲಿ 8.25 ಎಂದು ಬರೆದು ದಾಖಲೆ ಪರಿಶೀಲನೆಯಲ್ಲಿ 8.13 ತೋರಿಸಿದರೆ, ಎದುರು ಕೂತವರಿಗೆ ಅದು ಲೆಕ್ಕದ ತಪ್ಪಾಗಿ ಕಾಣುವುದಿಲ್ಲ, ಸುಳ್ಳು ಹೇಳಿಕೆಯಾಗಿ ಕಾಣುತ್ತದೆ.

ಅದೇ ಉದಾಹರಣೆಯಲ್ಲಿ ಇನ್ನೊಂದು ಸಂಗತಿಯೂ ಇದೆ, ಇದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳುವವರು ಕಡಿಮೆ. ಶ್ರೇಣಿಯಿಲ್ಲದ ಕೋರ್ಸ್‌ಗಳು ಸರಾಸರಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಹೆಚ್ಚು ತೆಗೆದುಕೊಂಡಷ್ಟೂ ಹಾಯಾಗಿರಬಹುದು ಎಂದುಕೊಳ್ಳುತ್ತಾರೆ. ಉಳಿದ ಪತ್ರಿಕೆಗಳ ತೂಕ ಹೆಚ್ಚುತ್ತದೆ ಎಂಬುದು ಗಮನಕ್ಕೆ ಬರುವುದಿಲ್ಲ. 20 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆ ಎ ಪ್ಲಸ್‌ನಿಂದ ಬಿಗೆ ಜಾರಿದರೆ ಎಸ್‌ಜಿಪಿಎ 0.6ರಷ್ಟು ಇಳಿಯುತ್ತದೆ. 10 ಕ್ರೆಡಿಟ್‌ಗಳ ಸೆಮಿಸ್ಟರಿನಲ್ಲಿ ಅದೇ ಜಾರುವಿಕೆಗೆ 1.2 ಇಳಿಯುತ್ತದೆ. ಒಂದು ದಿನದ ಜ್ವರ, ಒಂದು ಕೆಟ್ಟ ಪರೀಕ್ಷೆ, ಎರಡು ಪಟ್ಟು ಹೊಡೆತ.

ಸರಾಸರಿಗೆ ಸೇರದ ಕೋರ್ಸನ್ನು ಬಿಟ್ಟರೂ ನಡೆಯುತ್ತದೆ ಎಂಬ ನಂಬಿಕೆಯಂತೂ ನಮ್ಮ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಬಹಳ ಕಾಡಿದೆ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ಮಕ್ಕಳು ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಇದ್ದಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಂಥವರಿಗೆ ಹೆಚ್ಚುವರಿ ಗಣಿತವನ್ನು ಕ್ರೆಡಿಟ್ ಇಲ್ಲದ ಕಡ್ಡಾಯ ಕೋರ್ಸಾಗಿ ಇಟ್ಟದ್ದುಂಟು. ಕ್ರೆಡಿಟ್ ಸೊನ್ನೆಯಾದ್ದರಿಂದ ಅದು ಎಸ್‌ಜಿಪಿಎಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಆದರೆ ಅದನ್ನು ಮುಗಿಸದೆ ಪದವಿ ಸಿಗುವುದಿಲ್ಲ. ತರಗತಿಯ ಹೊರಗಿನ ಸಮಾಜಸೇವೆಯಂಥ ಕೆಲಸಗಳಿಗೆ ಸಿಗುವ ಚಟುವಟಿಕೆ ಅಂಕಗಳದ್ದೂ ಇದೇ ಕಥೆ. ನಾಲ್ಕು ವರ್ಷ ಓದುವವರು 100, ಎರಡನೆಯ ವರ್ಷಕ್ಕೆ ಸೇರಿದವರು 75 ಗಳಿಸಬೇಕು. ಅವು ಸರಾಸರಿಗೆ ಸೇರುವುದಿಲ್ಲ, ಪದವಿಯನ್ನು ಮಾತ್ರ ತಡೆದು ನಿಲ್ಲಿಸುತ್ತವೆ. ಸಿಜಿಪಿಎ ಎಂಟರ ಮೇಲಿದ್ದೂ ಕೊನೆಯಲ್ಲಿ ಪದವಿ ಪತ್ರ ಕೈಗೆ ಬಾರದೆ ಅಲೆದ ಹುಡುಗರನ್ನು ಕಂಡಿದ್ದೇನೆ. ಸರಾಸರಿ ಒಂದು ಪ್ರಶ್ನೆಗೆ ಉತ್ತರ, ಪದವಿಗೆ ಅರ್ಹತೆ ಇನ್ನೊಂದು ಪ್ರಶ್ನೆಗೆ ಉತ್ತರ.

ಅದೇ ರೀತಿ, ಕಠಿಣವೆನಿಸಿದ ಪತ್ರಿಕೆಯನ್ನು ನಡುವೆ ಆಡಿಟ್‌ಗೆ ಬದಲಿಸಿಕೊಂಡರೆ ಸರಾಸರಿ ಉಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಫಲಿತಾಂಶದ ಸುಳಿವು ಸಿಕ್ಕ ಮೇಲೆ ಕೆಟ್ಟ ಶ್ರೇಣಿಯನ್ನು ಅಳಿಸಿಕೊಳ್ಳುವ ದಾರಿ ಅದಾಗಬಾರದೆಂದೇ ಸಂಸ್ಥೆಗಳು ಸಾಮಾನ್ಯವಾಗಿ ಬದಲಾವಣೆಗೆ ಕೊನೆಯ ದಿನ ನಿಗದಿಪಡಿಸುತ್ತವೆ. ಆ ದಿನದೊಳಗೆ ಬದಲಿಸಿಕೊಂಡರೂ ಕ್ರೆಡಿಟ್ ಹೋಗುತ್ತದೆ, ಪದವಿಗೆ ಬೇಕಾದ ಮೊತ್ತದಲ್ಲಿ ಅದನ್ನು ಬೇರೆ ಪತ್ರಿಕೆಯಿಂದ ತುಂಬಿಸಬೇಕಾಗುತ್ತದೆ.

ಮತ್ತೆ ಆ ವಿದ್ಯಾರ್ಥಿನಿಯ ಅರ್ಜಿಗೆ ಬರುತ್ತೇನೆ. ಅರ್ಜಿಯನ್ನು ತಿದ್ದಲು ಇನ್ನೂ ಎರಡು ದಿನ ಅವಕಾಶವಿತ್ತು. ಆದರೆ ಆನ್‌ಲೈನ್ ಅರ್ಜಿ ಪ್ರತಿ ಕೋರ್ಸಿಗೂ ಒಂದು ಅಂಕ ಕೊಡದೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಖಾಲಿ ಬಿಟ್ಟರೆ ಕೆಂಪು ಗೆರೆ, ಅಕ್ಷರ ಹಾಕಿದರೆ ಕೆಂಪು ಗೆರೆ. ಸೊನ್ನೆ ಹಾಕಿದರೆ ಮಾತ್ರ ಒಪ್ಪುತ್ತಿತ್ತು. ಆ ಅರ್ಜಿಯನ್ನು ರೂಪಿಸಿದವರ ಮನಸ್ಸಿನಲ್ಲಿ ಶ್ರೇಣಿಯಿಲ್ಲದ ಕೋರ್ಸ್ ಎಂಬುದು ಇರಲೇ ಇಲ್ಲ. ಇಂಥ ಕಡೆ ಸೊನ್ನೆ ತುಂಬಿಸುವುದಕ್ಕಿಂತ, ಶ್ರೇಣಿಯಿರುವ ಆರು ಪತ್ರಿಕೆಗಳನ್ನಷ್ಟೇ ಕೋರ್ಸ್‌ಗಳ ಪಟ್ಟಿಯಲ್ಲಿ ಹಾಕಿ, ಉಳಿದೆರಡನ್ನು ಟಿಪ್ಪಣಿಯ ಜಾಗದಲ್ಲಿ ಬರೆದು, ಅಂಕಪಟ್ಟಿಯ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ ಲಗತ್ತಿಸುವುದು ನನಗೆ ತಿಳಿದ ಮಟ್ಟಿಗೆ ಸರಿಯಾದ ಕ್ರಮ. ಏನನ್ನೂ ಮುಚ್ಚಿಟ್ಟಂತಾಗುವುದಿಲ್ಲ, ಏನನ್ನೂ ಸುಳ್ಳಾಗಿ ತೋರಿಸಿದಂತೆಯೂ ಆಗುವುದಿಲ್ಲ.

ಟಿಪ್ಪಣಿಯನ್ನು ಅವಳೇ ಬರೆದಳು. ಕ್ಷೇತ್ರಕಾರ್ಯ, 2 ಕ್ರೆಡಿಟ್, ತೃಪ್ತಿಕರ, ಸರಾಸರಿಗೆ ಸೇರಿಲ್ಲ. ಸಂಖ್ಯಾಶಾಸ್ತ್ರ, ಆಡಿಟ್, ಕ್ರೆಡಿಟ್ ಗಳಿಸಿಲ್ಲ, ಸರಾಸರಿಗೆ ಸೇರಿಲ್ಲ. ಪರೀಕ್ಷಾ ವಿಭಾಗದಿಂದ, ಸರಾಸರಿಗೆ ಸೇರಿದ ಕ್ರೆಡಿಟ್ 20 ಎಂದು ನಮೂದಿಸಿದ ಒಂದು ಪತ್ರವನ್ನೂ ಪಡೆದು ಜೊತೆಗಿಟ್ಟಳು. ಕಂಪ್ಯೂಟರ್ ಅಂಗಡಿಯವನ ಬಳಿಗೆ ಹಿಂದಿರುಗಿ ಹೊಸ ಸೂತ್ರವನ್ನು ಅವನ ಹಾಳೆಯಲ್ಲಿ ಹಾಕಿಸಿದಾಗ ಎಂಟೂ ಸಾಲು ಹಾಗೆಯೇ ಇದ್ದವು, ಕೆಳಗೆ 7.90 ಬಂತು.